ತನ್ನಷ್ಟಕ್ಕೆ ತುಂಬುವ ಯಂತ್ರ: ಪುತ್ತೂರು, ಸುಳ್ಯ, ಕಡಬದ ಬಳಕೆದಾರರಿಗೆ ಕೈಪಿಡಿ

ಅಭಿನಂದನೆಗಳು. ಈ ಯಂತ್ರವನ್ನು ನೀವು ಅಂಗಡಿಯಿಂದ ತಂದದ್ದಲ್ಲ, ಕಂತು ಕಟ್ಟಿ ಕೊಂಡದ್ದೂ ಅಲ್ಲ. ಆದರೂ ಅದು ನಿಮ್ಮ ಮೊಬೈಲಿನಲ್ಲಿ ಉಂಟು, ಮಗನ ಲ್ಯಾಪ್‌ಟಾಪಿನಲ್ಲಿ ಉಂಟು, ಪೇಟೆಯ ಸೈಬರಿನ ಎಲ್ಲ ಕಂಪ್ಯೂಟರುಗಳಲ್ಲೂ ಉಂಟು. ಯಾವತ್ತೋ ಒಂದು ದಿನ ಆನ್‌ಲೈನಿನಲ್ಲಿ ಪಂಪ್‌ಸೆಟ್ಟಿನ ಸಾಮಾನು ತರಿಸುವಾಗ ಪರದೆಯ ಮೂಲೆಯಲ್ಲಿ "ಈ ವಿಳಾಸ ಉಳಿಸಬೇಕೇ?" ಎಂದು ಒಂದು ಚೀಟಿ ಬಂತು. ಅದು ಎದುರಿನಿಂದ ಹೋದರೆ ಸಾಕೆಂದು ನೀವು ಕೈಗೆ ಸಿಕ್ಕಿದ ನೀಲಿ ಗುಂಡಿ ಒತ್ತಿದಿರಿ. ಯಂತ್ರದ ಅಳವಡಿಕೆ ಅಲ್ಲಿಗೆ ಮುಗಿಯಿತು.

ಉಪಯೋಗಿಸುವ ಮೊದಲು ಯಂತ್ರದ ಭಾಗಗಳನ್ನು ಪರಿಚಯ ಮಾಡಿಕೊಳ್ಳಿ. ಭಾಗಗಳು ಎರಡು. ಒಂದು ಹೆಸರು, ವಿಳಾಸ, ಫೋನ್ ನಂಬರು ತುಂಬುತ್ತದೆ. ಇನ್ನೊಂದು ಲಾಗಿನ್ನಿನ ಹೆಸರು, ಪಾಸ್‌ವರ್ಡ್ ಕಾಯುತ್ತದೆ. ಎರಡೂ ಒಂದೇ ಬ್ರೌಸರಿನಲ್ಲಿ ವಾಸವಾಗಿದ್ದರೂ ಗುಣದಲ್ಲಿ ಒಂದೇ ಮನೆಯ ಅಣ್ಣತಮ್ಮಂದಿರ ಹಾಗೆ, ಅಂದರೆ ಸಂಬಂಧವೇ ಇಲ್ಲದ ಹಾಗೆ. ಮೊದಲನೆಯವನು ಅಣ್ಣ, ಅವನಿಗೆ ಗೊತ್ತಿಲ್ಲ ಎಂದು ಹೇಳಿ ಅಭ್ಯಾಸವಿಲ್ಲ. ಕೇಳಿದ್ದು ತಿಳಿಯದಿದ್ದರೆ ಊಹಿಸಿ ಹೇಳುತ್ತಾನೆ. ತಮ್ಮ ಸಂಶಯದವನು, ತಾಣದ ವಿಳಾಸದಲ್ಲಿ ಅಕ್ಷರವೊಂದು ಹೆಚ್ಚುಕಡಿಮೆಯಾದರೂ ನಿಮ್ಮನ್ನು ನೋಡಿಯೇ ಇಲ್ಲ ಎಂಬಂತೆ ಕೂರುತ್ತಾನೆ. ಈ ಕೈಪಿಡಿಯಲ್ಲಿ ಮುಂದೆ ಬರುವ ಎಲ್ಲ ಅನಾಹುತಗಳೂ ಒಂದೋ ಅಣ್ಣನ ಮಾತಿನಿಂದ, ಇಲ್ಲವೇ ತಮ್ಮನ ಮೌನದಿಂದ ಆಗುವಂಥವು.

ಒಂದೇ ಅರ್ಜಿಯಲ್ಲಿ ಎರಡು ತಾಲೂಕು ಪಡೆಯುವ ವಿಧಾನ

ಬೇಕಾಗುವ ಸಾಮಗ್ರಿ: ಸುಬ್ರಹ್ಮಣ್ಯದಲ್ಲಿ ಒಂದು ಮನೆ, ಹಳೆಯದೊಂದು ಉಳಿಸಿದ ವಿಳಾಸ, ಮತ್ತು ಅರ್ಜಿ ಹಾಕಲು ಕೊನೆಯ ದಿನ.

2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲೂಕುಗಳಲ್ಲಿ ಕಡಬವೂ ಒಂದು. ಪುತ್ತೂರು ತಾಲೂಕಿನಲ್ಲಿದ್ದ ನೆಲ್ಯಾಡಿ, ಆಲಂಕಾರು ಇತ್ತ ಬಂದವು. ಸುಳ್ಯ ತಾಲೂಕಿನಲ್ಲಿದ್ದ ಸುಬ್ರಹ್ಮಣ್ಯವೂ ಬಂತು. ಮನೆ ಇದ್ದಲ್ಲೇ ಇತ್ತು, ತೋಟ ಇದ್ದಲ್ಲೇ ಇತ್ತು, ತಾಲೂಕು ಮಾತ್ರ ಬದಲಾಯಿತು. ಸರ್ಕಾರ ಗೆಜೆಟ್ಟಿನಲ್ಲಿ ಹೇಳಿತು, ಪತ್ರಿಕೆಗಳಲ್ಲಿ ಬಂತು. ನಿಮ್ಮ ಬ್ರೌಸರಿಗೆ ಮಾತ್ರ ಯಾರೂ ಹೇಳಲಿಲ್ಲ. ಅದರಲ್ಲಿ ಮನೆಹೆಸರು, ಸುಬ್ರಹ್ಮಣ್ಯ ಅಂಚೆ, ಸುಳ್ಯ ತಾಲೂಕು ಎಂದು ಒಂದೇ ಸಾಲಿನಲ್ಲಿ ಬರೆದದ್ದು ಈಗಲೂ ಹಾಗೇ ಉಂಟು. ಫೋನ್ ಬದಲಾಯಿಸಿದರೂ ಹೋಗುವುದಿಲ್ಲ. ಖಾತೆಯ ಜೊತೆಗೆ ಹೊಸ ಫೋನಿಗೂ ಬರುತ್ತದೆ.

ಈಗ ಅರ್ಜಿ ತೆರೆಯಿರಿ. ವಿಳಾಸದ ಮೊದಲ ಕಾಲಮಿನಲ್ಲಿ ಬೆರಳಿಟ್ಟರೆ ಕೆಳಗೆ ಒಂದು ಸಲಹೆ ಬರುತ್ತದೆ. ಒತ್ತಿರಿ. ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಐದಾರು ಕಾಲಮುಗಳು ತುಂಬಿರುತ್ತವೆ. ತಾಲೂಕಿನ ಕಾಲಂ ಮಾತ್ರ ಖಾಲಿ. ಅದಕ್ಕೂ ಒಂದು ಕಾರಣ ಉಂಟು. ಬ್ರೌಸರಿನ ವಿಳಾಸದ ಪುಸ್ತಕದಲ್ಲಿ ಭಾರತದವರಿಗೆ ಇರುವುದು ಮನೆ, ರಸ್ತೆ, ಊರು ಅಥವಾ ನಗರ, ರಾಜ್ಯ, ಪಿನ್‌ಕೋಡ್ ಇಂಥವು. ತಾಲೂಕು, ಹೋಬಳಿ, ಗ್ರಾಮ ಎಂಬ ನಮ್ಮ ಲೆಕ್ಕಕ್ಕೆ ಅಲ್ಲಿ ಜಾಗವೇ ಇಲ್ಲ. ಆದ್ದರಿಂದ ತಾಲೂಕನ್ನು ನೀವೇ ಪಟ್ಟಿಯಿಂದ ಆರಿಸಬೇಕು. ನಿಮಗೆ ಗೊತ್ತಿರುವುದರಿಂದ ಸರಿಯಾಗಿ "ಕಡಬ" ಎಂದೇ ಆರಿಸುತ್ತೀರಿ.

ಫಲಿತಾಂಶ: ಅರ್ಜಿಯ ವಿಳಾಸದ ಸಾಲಿನಲ್ಲಿ ಸುಳ್ಯ ತಾಲೂಕು, ಅದರ ಕೆಳಗಿನ ಪಟ್ಟಿಯಲ್ಲಿ ಕಡಬ ತಾಲೂಕು. ಎರಡೂ ನಿಮ್ಮದೇ, ಎರಡಕ್ಕೂ ನೀವೇ ಜವಾಬ್ದಾರರು. ಅರ್ಜಿ ನೋಡುವವರಿಗೆ ಇದರಲ್ಲಿ ಯಾವುದು ನಿಜ ಎಂದು ತಿಳಿಯುವ ದಾರಿ ಇಲ್ಲ. ಅವರು "ವಿಳಾಸ ತಾಳೆಯಾಗುವುದಿಲ್ಲ" ಎಂದು ಬರೆದು ವಾಪಸು ಕಳಿಸುತ್ತಾರೆ.

ಇನ್ನೂ ಪ್ರಗತಿ ಸಾಧಿಸಬೇಕೆನ್ನುವವರು ಪಿನ್‌ಕೋಡನ್ನು ಬಳಸಿಕೊಳ್ಳಬಹುದು. ಸುಳ್ಯದ ಪಿನ್‌ಕೋಡ್ 574239, ಸುಬ್ರಹ್ಮಣ್ಯದ್ದು 574238. ಪಿನ್‌ಕೋಡ್ ಅಂಚೆ ಕಚೇರಿಗೆ ಸೇರಿದ್ದು, ತಾಲೂಕಿಗೆ ಸೇರಿದ್ದಲ್ಲ; ಆದ್ದರಿಂದ ತಾಲೂಕು ಬದಲಾದಾಗ ಅದು ಬದಲಾಗಲಿಲ್ಲ. ಕೆಲವು ತಾಣಗಳು ಪಿನ್‌ಕೋಡ್ ನೋಡಿ ಊರಿನ ಹೆಸರನ್ನು ತಾವೇ ಬರೆಯುತ್ತವೆ. ಸುಳ್ಯದ ಕಡೆಯ ಅಂಚೆ ಕಚೇರಿಗಳು ಪುತ್ತೂರು ಅಂಚೆ ವಿಭಾಗಕ್ಕೆ ಸೇರಿದವು. ಆ ತಾಣ ಮಾಡಿದವರು ಅಂಚೆಯ ಪಟ್ಟಿಯಲ್ಲಿ ವಿಭಾಗದ ಹೆಸರನ್ನು ಊರಿನ ಹೆಸರೆಂದು ತಿಳಿದಿದ್ದರೆ ಸುಬ್ರಹ್ಮಣ್ಯದ ಮನೆ ಪುತ್ತೂರಿಗೆ ಹೋಗಿ ಕೂರುತ್ತದೆ. ಹೀಗೆ ಒಂದೇ ಅರ್ಜಿಯಲ್ಲಿ ಮೂರು ತಾಲೂಕನ್ನೂ ಸಂಪಾದಿಸಿದವರಿಗೆ ಈ ಕೈಪಿಡಿಯ ಅಗತ್ಯವಿಲ್ಲ. (ಪುತ್ತೂರಿನವರು ನಗಬೇಕಾಗಿಲ್ಲ. ಆಂಧ್ರದ ತಿರುಪತಿ ಜಿಲ್ಲೆಯಲ್ಲೂ ಒಂದು ಪುತ್ತೂರು ಉಂಟು. ಊರಿನ ಹೆಸರು ಟೈಪು ಮಾಡಿದಾಗ ಕೆಳಗೆ ಬರುವ ಪಟ್ಟಿಯಲ್ಲಿ ಅದು ಮೇಲಿರುವುದೂ ಉಂಟು.)

ಈ ಫಲಿತಾಂಶ ಬೇಡ ಎನ್ನುವ ಅಲ್ಪಸಂಖ್ಯಾತ ಬಳಕೆದಾರರು ಕ್ರೋಮ್ ಬ್ರೌಸರಿನ ಮೇಲ್ಪಟ್ಟಿಯಲ್ಲಿ ಹೀಗೆ ಟೈಪು ಮಾಡಬೇಕು:

```
chrome://settings/addresses
```

ಅಲ್ಲಿ ನಿಮ್ಮ ಹೆಸರಿನಲ್ಲಿ ಒಂದಲ್ಲ, ಹಲವು ವಿಳಾಸಗಳು ಕಾಣುತ್ತವೆ. ಒಂದರಲ್ಲಿ Sullia, ಒಂದರಲ್ಲಿ Sulya, ಇನ್ನೊಂದರಲ್ಲಿ ಊರೇ ಇಲ್ಲ, ಪಿನ್‌ಕೋಡ್ ಮಾತ್ರ. ಪ್ರತಿ ಸಲ ನೀವು ಒಂದಕ್ಷರ ಬೇರೆ ಬರೆದು "ಉಳಿಸು" ಒತ್ತಿದ್ದರ ಫಲ ಅದು. ಒಂದನ್ನು ಸರಿಮಾಡಿ, ಉಳಿದದ್ದನ್ನು ಅಳಿಸಿ. ಒಂದನ್ನು ಸರಿಮಾಡಿ ಉಳಿದದ್ದನ್ನು ಬಿಟ್ಟರೆ ಅಣ್ಣ ಮುಂದಿನ ಸಲವೂ ತನಗೆ ಹೆಚ್ಚು ಬಳಕೆಯಾದದ್ದನ್ನೇ ಮೊದಲು ತಂದು ಕೊಡುತ್ತಾನೆ.

ನಿಮ್ಮ ತಂದೆ ನೀವೇ ಆಗುವ ವಿಧಾನ

ಅಣ್ಣ ನಿಮ್ಮ ಹಾಗೆ ಅರ್ಜಿಯನ್ನು ಓದುವುದಿಲ್ಲ. ಅವನು ನೋಡುವುದು ಪುಟದ ಒಳಗೆ ಆ ಕಾಲಮಿಗೆ ಇಟ್ಟ ಹೆಸರನ್ನು ಮತ್ತು ಪಕ್ಕದಲ್ಲಿ ಬರೆದ ಮಾತನ್ನು. ಉದಾಹರಣೆಗೆ ಒಂದು ಅರ್ಜಿಯ ಒಳಭಾಗ ಹೀಗಿರಬಹುದು:

```html
<label>Name of Applicant</label>
<input name="name1">
<label>Name of Father/Husband</label>
<input name="name2">
```

ಎರಡು ಕಡೆಯೂ name ಎಂದುಂಟು, ಎರಡು ಸಾಲೂ Name ಎಂದೇ ಶುರುವಾಗುತ್ತವೆ. ಅಣ್ಣನಿಗೆ ಅಷ್ಟು ಸಾಕು. ಎರಡನೆಯ ಕಾಲಮಿನಲ್ಲಿ ಬೆರಳಿಟ್ಟರೂ ನಿಮ್ಮದೇ ಹೆಸರನ್ನು ನೀಡುತ್ತಾನೆ. ಅವಸರದಲ್ಲಿ ಒತ್ತಿದರೆ ನಿಮಗೆ ನೀವೇ ತಂದೆ. ಮದುವೆಯಾದ ಹೆಂಗಸಾದರೆ ತನಗೆ ತಾನೇ ಗಂಡ.

ಇದಕ್ಕೆ ಪುಟ ಮಾಡುವವರು ಒಂದು ಗುರುತು ಹಾಕುವ ಕ್ರಮ ಉಂಟು, `autocomplete` ಎಂದು ಅದರ ಹೆಸರು. ಇದು ಹೆಸರಿನ ಕಾಲಂ, ಇದು ಊರಿನ ಕಾಲಂ, ಇದು ಒಟಿಪಿಯ ಕಾಲಂ ಎಂದು ಅದರಿಂದ ಬ್ರೌಸರಿಗೆ ಸ್ಪಷ್ಟವಾಗಿ ಹೇಳಬಹುದು. ಆ ಪಟ್ಟಿಯಲ್ಲಿ `given-name` ಉಂಟು, `family-name` ಉಂಟು, ಅಡ್ಡಹೆಸರಿಗೆ `nickname` ಕೂಡ ಉಂಟು. ತಂದೆಯ ಹೆಸರಿಗೆ ಮಾತ್ರ ಒಂದು ಪದವೂ ಇಲ್ಲ. ಆ ಪಟ್ಟಿ ಮಾಡಿದವರ ಊರಿನಲ್ಲಿ ಅರ್ಜಿ ಹಾಕುವವನ ಅಪ್ಪ ಯಾರು ಎಂದು ಯಾರೂ ಕೇಳುವುದಿಲ್ಲವೆಂದು ಕಾಣುತ್ತದೆ. ಇಲ್ಲಿ ಕೇಳದ ಅರ್ಜಿ ಇಲ್ಲ. "ಇಲ್ಲಿ ಏನೂ ತುಂಬಬೇಡ" ಎಂದು `autocomplete="off"` ಬರೆದರೂ, ವಿಳಾಸದ ವಿಷಯದಲ್ಲಿ ಕ್ರೋಮ್ ಅದನ್ನು ಎಲ್ಲ ಸಲವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೆಂಗಸರಿಗೆ ವಿಶೇಷ ಸೂಚನೆ. ಮನೆಯಲ್ಲಿ ಇರುವುದು ಗಂಡನ ಫೋನಾದರೆ ಅದರಲ್ಲಿರುವ ವಿಳಾಸವೂ ಗಂಡನದ್ದೇ. ಮನೆಯೊಡತಿಯ ಹೆಸರಿನಲ್ಲೇ ಹಾಕಬೇಕಾದ ಅರ್ಜಿಯಲ್ಲೂ ಅರ್ಜಿದಾರರ ಹೆಸರಾಗಿ ಅವರೇ ಬರುತ್ತಾರೆ. ಅದನ್ನು ಅಳಿಸಿ ನಿಮ್ಮ ಹೆಸರು ಬರೆಯಿರಿ. ಆಮೇಲೆ ಮೇಲಿನ ಕಾಲಮುಗಳನ್ನು ಇನ್ನೊಮ್ಮೆ ನೋಡಿ. ಸಲಹೆಯನ್ನು ಒತ್ತಿದಾಗ ಫೋನ್ ನಂಬರು, ಇಮೇಲ್ ಕೂಡ ಅವರದ್ದೇ ತುಂಬಿರುತ್ತದೆ. ಹೆಸರು ಸರಿಮಾಡಿದರೆ ಅವು ತಾವಾಗಿ ಸರಿಯಾಗುವುದಿಲ್ಲ.

ಇನಿಷಿಯಲ್ ಇರುವವರ ಕಷ್ಟ ಬೇರೆ. ನಮ್ಮ ಕಡೆ ಹೆಸರಿನ ಹಿಂದೋ ಮುಂದೋ ಒಂದು "ಕೆ." ಇರುತ್ತದೆ, ಅದು ಮನೆಹೆಸರೋ ಅಪ್ಪನ ಹೆಸರೋ ಎಂಬುದು ಕುಟುಂಬದವರಿಗೆ ಮಾತ್ರ ಗೊತ್ತು. ಯಂತ್ರ ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಕತ್ತರಿಸುತ್ತದೆ. ಮುಂದೆ ಇದ್ದರೆ ನಿಮ್ಮ ಹೆಸರೇ "ಕೆ", ಹಿಂದೆ ಇದ್ದರೆ ನಿಮ್ಮ ಕುಲನಾಮ "ಕೆ". ಆಧಾರಿನಲ್ಲಿರುವಂತೆ ಬರೆಯಿರಿ ಎಂದು ಅರ್ಜಿ ಹೇಳಿದಲ್ಲೆಲ್ಲ ಯಂತ್ರವನ್ನು ಬದಿಗಿಟ್ಟು ಕಾರ್ಡು ಎದುರಿಗೆ ಇಟ್ಟುಕೊಂಡು ಕೈಯಲ್ಲೇ ಬರೆಯಿರಿ.

ನಿಮ್ಮ ಒಟಿಪಿಯನ್ನು ಅಪರಿಚಿತರಿಗೆ ಕಳಿಸುವ ವಿಧಾನ

ಇದು ಈ ಯಂತ್ರದ ಅತ್ಯುತ್ತಮ ಕೆಲಸ, ಏಕೆಂದರೆ ನೋಡಿದರೆ ತಪ್ಪೆಂದು ಕಾಣುವುದಿಲ್ಲ. ಉಳಿಸಿದ ವಿಳಾಸದಲ್ಲಿ ನಿಮ್ಮ ನಂಬರು ದೇಶದ ಸಂಕೇತ ಸೇರಿ 91 98XXXXXXXX ಎಂದಿರುತ್ತದೆ. ಅರ್ಜಿಯ ಕಾಲಮಿಗೆ ಹಿಡಿಯುವುದು ಹತ್ತೇ ಅಂಕೆ. ಒಳ್ಳೆಯ ಬ್ರೌಸರ್ ಇದನ್ನು ಗಮನಿಸಿ 91 ಬಿಟ್ಟು ತುಂಬುತ್ತದೆ. ಆದರೆ ಅದು ಹಾಗೆ ಮಾಡದೆ, ಪುಟವೂ ಹೆಚ್ಚಾದದ್ದನ್ನು ಕೊನೆಯಿಂದ ಕತ್ತರಿಸಿದರೆ ಉಳಿಯುವುದು 9198XXXXXX.

ನೋಡಿ, ಹತ್ತು ಅಂಕೆ ಸರಿಯಾಗಿ ಉಂಟು. 9ರಿಂದ ಶುರುವಾಗುತ್ತದೆ. ಭಾರತದ ಮೊಬೈಲ್ ನಂಬರುಗಳು 6, 7, 8 ಅಥವಾ 9ರಿಂದ ಶುರುವಾಗುವುದರಿಂದ ಅರ್ಜಿಯ ತಪಾಸಣೆಯೂ ಇದನ್ನು ಒಪ್ಪುತ್ತದೆ. ಒಟಿಪಿ ಹೋಗುತ್ತದೆ, ಎಲ್ಲಿಗೋ. ನೀವು ಸಿಗ್ನಲ್ ಇಲ್ಲ ಎಂದುಕೊಂಡು ಫೋನ್ ಹಿಡಿದು ಅಂಗಳಕ್ಕೆ ಹೋಗುತ್ತೀರಿ, ಅಲ್ಲಿಂದ ಗುಡ್ಡೆಗೆ ಹತ್ತುತ್ತೀರಿ. ನಮ್ಮ ಕಡೆ ಅದು ಅಸಹಜವೂ ಅಲ್ಲವಾದ್ದರಿಂದ ಯಾರಿಗೂ ಸಂಶಯ ಬರುವುದಿಲ್ಲ. ಗುರುತು ಹಿಡಿಯುವ ಉಪಾಯ ಒಂದೇ: ಒಟಿಪಿ ಬರದಿದ್ದರೆ "ಪುನಃ ಕಳಿಸು" ಒತ್ತುವ ಮೊದಲು ಕಾಲಮಿನ ಕೊನೆಯ ನಾಲ್ಕು ಅಂಕೆ ನೋಡಿ. ಮೊದಲ ನಾಲ್ಕು ಅಂಕೆ ನೋಡಿದರೆ ಸಾಲದು. ಕಣ್ಣು 9ನ್ನು ಕಂಡ ಕೂಡಲೇ ತನ್ನದೇ ನಂಬರೆಂದು ಒಪ್ಪಿಬಿಡುತ್ತದೆ.

ಸೈಬರಿನಲ್ಲಿ ಬಳಸುವಾಗ

ಪೇಟೆಯ ಸೈಬರಿನ ಕಂಪ್ಯೂಟರಿನಲ್ಲಿ ಯಂತ್ರ ಅತಿ ಹೆಚ್ಚು ಅನುಭವ ಪಡೆದಿರುತ್ತದೆ. ಅಲ್ಲಿ ಒಂದೇ ಬ್ರೌಸರ್, ಒಂದೇ ಖಾತೆ. ಬೆಳೆ ವಿಮೆ, ಜಾತಿ ಪ್ರಮಾಣಪತ್ರ, ಕಾಲೇಜು ಪ್ರವೇಶ ಎಲ್ಲದಕ್ಕೂ ಬಂದವರ ಹೆಸರು, ಫೋನು ಅದರೊಳಗೆ ಸೇರಿರುತ್ತದೆ. ನಿಮ್ಮ ಹೆಸರಿನ ಮೊದಲಕ್ಷರ ಟೈಪು ಮಾಡಿದರೆ ಸಾಕು, ಅದೇ ಅಕ್ಷರದ ಅರ್ಧ ಗ್ರಾಮ ಕೆಳಗೆ ಇಳಿಯುತ್ತದೆ.

"ಅಣ್ಣ, ತಂದೆಯ ಹೆಸರು ಇದೇ ಅಲ್ವಾ?" ಎಂದು ಸೈಬರಿನ ಹುಡುಗ ಕೇಳುತ್ತಾನೆ.

"ಎಂತ ಮಾರಾಯ, ಅದು ನಮ್ಮ ಆಚೆಮನೆಯವರ ಅಪ್ಪ."

"ಓ, ಅವರು ನಿನ್ನೆ ಬಂದಿದ್ರು."

ಹೀಗೆ ಆಚೆಮನೆಯವರು ಯಾವ ಅರ್ಜಿ ಹಾಕಿದ್ದಾರೆ ಎಂಬುದೂ ಗೊತ್ತಾಗುತ್ತದೆ. ಇದಕ್ಕೆ ಶುಲ್ಕವಿಲ್ಲ. ಒಂದೊಂದೇ ಸಲಹೆಯನ್ನು ತೆಗೆಯಬೇಕಾದರೆ ಕ್ರೋಮಿನಲ್ಲಿ ಅದನ್ನು ಬಾಣದ ಕೀಲಿಯಿಂದ ಆರಿಸಿ `Shift+Delete` ಒತ್ತಿದರೆ ಹೋಗುತ್ತದೆ. ಆದರೆ ಸೈಬರಿನಲ್ಲಿ ಅದು ಸೊಳ್ಳೆಯನ್ನು ಒಂದೊಂದೇ ಹೊಡೆಯುವ ಕೆಲಸವೇ ಸರಿ. ಸರಿಯಾದ ಉಪಾಯ ಪ್ರತಿ ಗಿರಾಕಿಗೂ ಗೆಸ್ಟ್ ಕಿಟಕಿ ತೆರೆಯುವುದು. ಬ್ರೌಸರಿನ ಮೇಲೆ ಬಲಮೂಲೆಯ ಪ್ರೊಫೈಲ್ ಚಿತ್ರ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ಗೆಸ್ಟ್ ಕಿಟಕಿಯಲ್ಲಿ ಹಳೆಯವರ ವಿವರ ಕಾಣುವುದಿಲ್ಲ, ಮುಚ್ಚಿದ ಮೇಲೆ ನಿಮ್ಮದೂ ಉಳಿಯುವುದಿಲ್ಲ. ಹುಡುಗರು ಹೆಚ್ಚಾಗಿ ತೆರೆಯುವುದು ಇನ್‌ಕಾಗ್ನಿಟೋ. ಅದು ಹೊಸದನ್ನು ಉಳಿಸುವುದಿಲ್ಲ ನಿಜ, ಆದರೆ ಈಗಾಗಲೇ ಉಳಿದಿರುವ ವಿಳಾಸ, ಪಾಸ್‌ವರ್ಡುಗಳನ್ನು ಧಾರಾಳವಾಗಿ ತೋರಿಸುತ್ತದೆ. ಆಚೆಮನೆಯವರ ಅಪ್ಪ ಅಲ್ಲೂ ಬರುತ್ತಾರೆ.

ತಮ್ಮ ಮಾತಾಡದಿದ್ದಾಗ

ಇನ್ನು ಯಂತ್ರದ ಎರಡನೆಯ ಭಾಗ. ಎಲ್ಲ ತಾಣಗಳಲ್ಲೂ ಪಾಸ್‌ವರ್ಡ್ ತಂದು ಕೊಡುವ ತಮ್ಮ, ಒಂದು ತಾಣದಲ್ಲಿ ಮಾತ್ರ ಬಾಯಿ ಬಿಡುವುದಿಲ್ಲ. ಕಳೆದ ವರ್ಷ ಕೊಟ್ಟಿದ್ದ, ಈ ವರ್ಷ ಇಲ್ಲ. ಬಳಕೆದಾರರು ಆಗ ಸಾಮಾನ್ಯವಾಗಿ "ಮರೆತೆನು" ಒತ್ತಿ ಹೊಸ ಪಾಸ್‌ವರ್ಡ್ ಮಾಡುತ್ತಾರೆ, ಅದನ್ನೂ ಉಳಿಸುತ್ತಾರೆ, ಮುಂದಿನ ವರ್ಷ ಪುನಃ "ಮರೆತೆನು" ಒತ್ತುತ್ತಾರೆ. ಹಾಗೆ ಮಾಡುವ ಮೊದಲು ತಮ್ಮ ಯಾಕೆ ಸುಮ್ಮನಿದ್ದಾನೆ ಎಂದು ನೋಡಬೇಕು.

ತಮ್ಮ ಪಾಸ್‌ವರ್ಡನ್ನು ನಿಮ್ಮ ಹೆಸರಿಗೆ ಕಟ್ಟಿ ಇಡುವುದಿಲ್ಲ, ತಾಣದ ವಿಳಾಸಕ್ಕೆ ಕಟ್ಟಿ ಇಡುತ್ತಾನೆ. ನಮ್ಮ ರಾಜ್ಯದ ಸರ್ಕಾರಿ ತಾಣಗಳನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ. ಸೇವಾ ಸಿಂಧುವನ್ನೇ ತೆಗೆದುಕೊಳ್ಳಿ. ಅದರ ಹೆಸರಿನಲ್ಲಿ ಈ ಮೂರು ವಿಳಾಸಗಳು ಬಳಕೆಗೆ ಬಂದಿವೆ:

```
sevasindhu.karnataka.gov.in
sevasindhuservices.karnataka.gov.in
sevasindhugs.karnataka.gov.in
```

ಮೊದಲನೆಯದು ಹೆಬ್ಬಾಗಿಲು, ಎರಡನೆಯದು ಇಲಾಖೆಗಳ ಸೇವೆಗೆ ಅರ್ಜಿ ಹಾಕುವ ಕಡೆ, ಮೂರನೆಯದು ಗ್ಯಾರಂಟಿ ಯೋಜನೆಗಳಿಗಾಗಿ ಬಂದದ್ದು. ನಿಮಗೆ ಮೂರೂ ಒಂದೇ. ತಮ್ಮನಿಗೆ ಮೂರು ಬೇರೆ ಬೇರೆ ಮನೆ. ಎರಡನೆಯದರಲ್ಲಿ ಉಳಿಸಿದ ಪಾಸ್‌ವರ್ಡನ್ನು ಮೂರನೆಯದರಲ್ಲಿ ಅವನು ತಾನಾಗಿ ತುಂಬುವುದಿಲ್ಲ. ಕ್ರೋಮಿನಲ್ಲಾದರೆ ಕಾಲಮಿನೊಳಗೆ ಒತ್ತಿದಾಗ, ಇದು ಇನ್ನೊಂದು ವಿಳಾಸದ್ದು ಎಂದು ಪಕ್ಕದಲ್ಲಿ ಬರೆದು ಮುಂದಿಡುತ್ತಾನೆ. ತುಂಬಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದು.

ಇದೇ ಕಾರಣಕ್ಕೆ ಉಲ್ಟಾ ತೊಂದರೆಯೂ ಉಂಟು. ಬೇರೆ ಕಂಪನಿಗಳ ಪಾಸ್‌ವರ್ಡ್ ಮ್ಯಾನೇಜರ್ ಹಾಕಿಕೊಂಡವರಿಗೆ ಅದು ಹೆಚ್ಚು. ಉದಾಹರಣೆಗೆ ಬಿಟ್‌ವಾರ್ಡನ್ ಯಾವ ಬದಲಾವಣೆಯೂ ಮಾಡದಿದ್ದರೆ ವಿಳಾಸದ ಮೂಲಭಾಗವನ್ನಷ್ಟೇ ನೋಡುತ್ತದೆ. ನಮ್ಮಲ್ಲಿ ಆ ಮೂಲಭಾಗ `karnataka.gov.in`. ಜಮೀನಿನ ದಾಖಲೆಯ `landrecords.karnataka.gov.in`, ಬೆಳೆ ವಿಮೆಯ `samrakshane.karnataka.gov.in`, ನೋಂದಣಿಯ `kaveri.karnataka.gov.in` ಎಲ್ಲವೂ ಅದರ ಕೆಳಗೇ. ಹಾಗಾಗಿ ಪಹಣಿ ನೋಡಲು ಹೋದವರ ಎದುರು ಎಲ್ಲ ಇಲಾಖೆಗಳ ಲಾಗಿನ್ ಒಟ್ಟಿಗೆ ಬಂದು ನಿಲ್ಲುತ್ತವೆ. ಸೆಟ್ಟಿಂಗಿನಲ್ಲಿ ಹೊಂದಾಣಿಕೆಯನ್ನು `Host` ಎಂದು ಬದಲಾಯಿಸಿದರೆ ಆಯಾ ತಾಣದ್ದು ಮಾತ್ರ ಬರುತ್ತದೆ.

ವಿಳಾಸ ಬದಲಾಗಿಲ್ಲ, ಆದರೂ ತಮ್ಮ ಸುಮ್ಮನಿದ್ದರೆ ತಪ್ಪು ನಿಮ್ಮ ಬೆರಳಿನದ್ದಿರಬಹುದು. "ಪಾಸ್‌ವರ್ಡ್ ಉಳಿಸಲೇ?" ಎಂದು ಕೇಳಿದಾಗ ನೀವೋ ಮನೆಯಲ್ಲಿ ಯಾರೋ `Never` ಒತ್ತಿರುತ್ತೀರಿ. "ಈಗ ಬೇಡ" ಎಂದುಕೊಂಡು ಒತ್ತಿದ್ದು. ತಮ್ಮ ಕೇಳಿಸಿಕೊಂಡದ್ದು "ಈ ಜನ್ಮದಲ್ಲಿ ಬೇಡ" ಎಂದು. ಅಂಥ ತಾಣಗಳ ಪಟ್ಟಿಯೊಂದನ್ನು ಅವನು ಇಟ್ಟುಕೊಂಡಿರುತ್ತಾನೆ. ಕ್ರೋಮಿನಲ್ಲಿ `chrome://password-manager/settings` ತೆರೆದು ಕೆಳಗೆ ಇಳಿದರೆ ಆ ಪಟ್ಟಿ ಸಿಗುತ್ತದೆ. ಅಲ್ಲಿಂದ ತಾಣದ ಹೆಸರು ತೆಗೆದರೆ ಮುಂದಿನ ಸಲ ಪುನಃ ಕೇಳುತ್ತಾನೆ.

ಇನ್ನೊಂದು ಪ್ರಕರಣದಲ್ಲಿ ತಮ್ಮ ಪಾಸ್‌ವರ್ಡ್ ಕೊಡುತ್ತಾನೆ, ತಾಣ ಒಪ್ಪುವುದಿಲ್ಲ. ಕೈಯಲ್ಲಿ ಟೈಪು ಮಾಡಿದರೆ ಅದೇ ಪಾಸ್‌ವರ್ಡಿನಿಂದ ಬಾಗಿಲು ತೆರೆಯುತ್ತದೆ. ಇಲ್ಲಿ ಸಿಟ್ಟು ಮಾಡುವ ಮೊದಲು ಉಳಿದಿರುವುದನ್ನು ನೋಡಿ. `chrome://password-manager/passwords` ತೆರೆದು ಆ ತಾಣವನ್ನು ಆರಿಸಿ, ಕಣ್ಣಿನ ಚಿತ್ರ ಒತ್ತಿ. ನಿಮ್ಮ ಪಾಸ್‌ವರ್ಡ್ `password` ಎಂದಿಟ್ಟುಕೊಳ್ಳೋಣ (ದಯವಿಟ್ಟು ಇಡಬೇಡಿ). ಅಲ್ಲಿ ಹೀಗೆ ಕಂಡರೆ ರೋಗ ಗೊತ್ತಾಯಿತು:

```
5f4dcc3b5aa765d61d8327deb882cf99
```

ಕೆಲವು ತಾಣಗಳಲ್ಲಿ ನೀವು ಲಾಗಿನ್ ಒತ್ತಿದ ಕ್ಷಣದಲ್ಲೇ ಪುಟದೊಳಗಿನ ಪ್ರೋಗ್ರಾಮು ನಿಮ್ಮ ಪಾಸ್‌ವರ್ಡನ್ನು ಇಂಥ ಉದ್ದದ ಸಂಕೇತವಾಗಿ ಬದಲಾಯಿಸಿ, ಅದನ್ನೇ ಕಾಲಮಿಗೆ ಹಾಕಿ ಕಳಿಸುತ್ತದೆ. ಮೇಲಿನದ್ದು `password` ಎಂಬ ಪದದ ಎಂಡಿ5 ರೂಪ, 32 ಅಕ್ಷರ. ಶಾ-256 ಎಂಬ ಇನ್ನೊಂದು ಕ್ರಮದಲ್ಲಾದರೆ 64 ಅಕ್ಷರ. ಕೆಲವು ಪಾಸ್‌ವರ್ಡ್ ಮ್ಯಾನೇಜರುಗಳು ನೀವು ಬರೆದದ್ದನ್ನು ಬಿಟ್ಟು ಕೊನೆಯಲ್ಲಿ ಕಾಲಮಿನಲ್ಲಿದ್ದ ಈ ಸಂಕೇತವನ್ನು ಉಳಿಸುತ್ತವೆ. ಮುಂದಿನ ಸಲ ಅದನ್ನು ತುಂಬಿದರೆ ಪುಟ ಆ ಸಂಕೇತವನ್ನೇ ಪಾಸ್‌ವರ್ಡೆಂದು ತಿಳಿದು ಇನ್ನೊಮ್ಮೆ ಸಂಕೇತ ಮಾಡುತ್ತದೆ. ಅದು ಎಂದೂ ಹೊಂದುವುದಿಲ್ಲ. ತೆರೆದು ನೋಡುವ ಮೊದಲೇ ಅನುಮಾನ ಬರಬೇಕಾದ ಲಕ್ಷಣವೂ ಉಂಟು: ನೀವು ಎಂಟಕ್ಷರ ಬರೆಯುವ ಕಡೆ ಚುಕ್ಕಿಗಳು ಕಾಲಮಿನ ಈ ತುದಿಯಿಂದ ಆ ತುದಿಯವರೆಗೆ ತುಂಬಿರುತ್ತವೆ. ಮದ್ದು ಸುಲಭ. ಉಳಿದಿರುವ ಪಾಸ್‌ವರ್ಡನ್ನು ಅಲ್ಲೇ ತಿದ್ದಿ ನಿಜವಾದದ್ದನ್ನು ಬರೆದಿಡಿ. ಲಾಗಿನ್ ಆದ ಮೇಲೆ "ಪಾಸ್‌ವರ್ಡ್ ಬದಲಾಗಿದೆ, ಹೊಸದನ್ನು ಉಳಿಸಲೇ?" ಎಂದು ತಮ್ಮ ಕೇಳುತ್ತಾನೆ. ಬೇಡವೆನ್ನಿ. ಹೌದೆಂದರೆ ಸಂಕೇತವೇ ಪುನಃ ಬಂದು ಕೂರುತ್ತದೆ.

ಅಲ್ಲೇ ಪಕ್ಕದಲ್ಲಿ ಲಾಗಿನ್ನಿನ ಹೆಸರನ್ನೂ ನೋಡಿಕೊಳ್ಳಿ. ಪಾಸ್‌ವರ್ಡಿನ ಕಾಲಮಿಗಿಂತ ಸ್ವಲ್ಪ ಮೊದಲು ಇರುವ ಕಾಲಂ ಹೆಸರಿನದ್ದು ಎಂದು ತಮ್ಮ ನಂಬಿರುತ್ತಾನೆ. ಅಲ್ಲಿ ಕ್ಯಾಪ್ಚಾ ಇಟ್ಟಿದ್ದರೆ ನಿಮ್ಮ ಹೆಸರು 7kQ2x ಎಂದು ಉಳಿದಿರುತ್ತದೆ.

ಎಚ್ಚರಿಕೆ

ಈ ಭಾಗದಲ್ಲಿ ಮಾತ್ರ ಕೈಪಿಡಿ ತಮಾಷೆ ಮಾಡುವುದಿಲ್ಲ. ವಿಳಾಸ ಬದಲಾಗಿಲ್ಲ ಎಂದು ನೀವು ಅಂದುಕೊಂಡಿದ್ದು, `Never` ಪಟ್ಟಿಯಲ್ಲೂ ಹೆಸರಿಲ್ಲ, ಪಾಸ್‌ವರ್ಡ್ ಉಳಿದಿರುವುದೂ ಖಂಡಿತ, ಆದರೂ ತಮ್ಮ ಬಾಯಿ ಬಿಡುವುದಿಲ್ಲ ಎಂದಾದರೆ ಅವನು ಸರಿ, ನೀವು ತಪ್ಪು ಜಾಗಕ್ಕೆ ಬಂದಿದ್ದೀರಿ ಎಂದೇ ಮೊದಲು ತಿಳಿಯಿರಿ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಬಂದಿದ್ದರೆ ಇದು ಇನ್ನೂ ಖಚಿತ. ಪುಟದ ಬಣ್ಣ, ಲಾಂಛನ, ಮುಖ್ಯಮಂತ್ರಿಗಳ ಫೋಟೋ ಎಲ್ಲ ನಕಲು ಮಾಡಬಹುದು. ತಮ್ಮ ಅವೊಂದನ್ನೂ ನೋಡುವುದೇ ಇಲ್ಲ, ನೋಡುವುದು ವಿಳಾಸ ಮಾತ್ರ.

ನೀವೂ ಅದನ್ನೇ ನೋಡಿ, ಆದರೆ ಬಲದಿಂದ ಎಡಕ್ಕೆ ಓದಿ. ಈ ವಿಳಾಸ ಸರ್ಕಾರದ್ದೆಂದು ಅನಿಸಬಹುದು:

```
sevasindhu.karnataka.gov.in.example.com
```

ಎಡದಿಂದ ಓದಿದರೆ ಸೇವಾ ಸಿಂಧು. ಬಲದಿಂದ ಓದಿದರೆ `example.com`, ಯಾರದ್ದೋ ಖಾಸಗಿ ತಾಣ ಎಂದಿಟ್ಟುಕೊಳ್ಳಿ. ಅದರ ಎಡಕ್ಕೆ ಅವರು ಏನನ್ನು ಬೇಕಾದರೂ ಬರೆದುಕೊಳ್ಳಬಹುದು. ಮೊದಲ ಒಂಟಿ ಓರೆಗೆರೆಗೆ ಮುಂಚೆ ವಿಳಾಸ ಚುಕ್ಕಿ ಸೇರಿ `.gov.in` ಎಂದೇ ಮುಗಿಯಬೇಕು. ಇಂಥ ಕಡೆ ತಮ್ಮನ ಪೆಟ್ಟಿಗೆಯಿಂದ ಪಾಸ್‌ವರ್ಡನ್ನು ಕಾಪಿ ಮಾಡಿ ಕೈಯಾರೆ ಅಂಟಿಸುವವರೇ ಹೆಚ್ಚು. ಬಾಗಿಲು ತೆರೆಯದ ಕಾವಲುಗಾರನ ಕೈಯಿಂದ ಕೀಲಿ ಕಿತ್ತು ಕಳ್ಳನಿಗೆ ಕೊಡುವುದು ಅದು, ಬೇರೇನಲ್ಲ.

ವಾಪಸು ಬಂದ ಅರ್ಜಿಯ ವಿಲೇವಾರಿ

ಮೇಲಿನ ಸೂಚನೆಗಳನ್ನೆಲ್ಲ ಯಥಾವತ್ತಾಗಿ ಪಾಲಿಸಿದವರ ಅರ್ಜಿ ಒಂದು ತಿಂಗಳ ಒಳಗೋ ಹೊರಗೋ ವಾಪಸು ಬರುತ್ತದೆ. ಆಗ ತಿದ್ದುಪಡಿಯ ಅರ್ಜಿ ಹಾಕಬೇಕು. ಅದು ಕೂಡ ಆನ್‌ಲೈನಿನಲ್ಲೇ. ತೆರೆದ ಕೂಡಲೇ ಅಣ್ಣ ಉತ್ಸಾಹದಿಂದ ಓಡಿ ಬಂದು ಸುಳ್ಯ ತಾಲೂಕನ್ನೂ, ಹತ್ತಂಕೆಯ ಆ ನಂಬರನ್ನೂ ಪುನಃ ತುಂಬುತ್ತಾನೆ. ತಡೆಯಬೇಡಿ. ಆ ಅರ್ಜಿಯಲ್ಲಿ ಎರಡು ಕಡೆ ವಿವರ ಕೇಳುತ್ತಾರೆ: ಎಡಕ್ಕೆ "ತಪ್ಪಾಗಿ ನಮೂದಾದ ವಿವರ", ಬಲಕ್ಕೆ "ಸರಿಯಾದ ವಿವರ". ಎಡಗಡೆಯದ್ದನ್ನು ಅವನು ತುಂಬಿದ ಹಾಗೆಯೇ ಬಿಡಿ. ಬಲಗಡೆಯದ್ದನ್ನು ಅಳಿಸಿ ನೀವೇ ಬರೆಯಿರಿ.